ಎರಡು ಬಾಕಿ

ಕಳೆದ ವರ್ಷ ಜುಲೈ ತಿಂಗಳ ಒಂದು ಭಾನುವಾರ, ಹೈದರಾಬಾದಿನಲ್ಲಿರುವ ನನ್ನ ದೊಡ್ಡಮ್ಮನ ಮಗಳಿಗೆ ವಿಡಿಯೊ ಕಾಲ್ ಮಾಡಿ, ನನ್ನ ಪೋರ್ಟ್‌ಫೋಲಿಯೊದ ಲಿಂಕ್ ಕಳಿಸಿ, ಹೇಗಿದೆ ಹೇಳು ಅಂದೆ. ಅಕ್ಕ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಡಿಸೈನ್ ಲೀಡ್. ಕೆಲಸಕ್ಕೆ ಅರ್ಜಿ ಹಾಕಿದವರ ಪೋರ್ಟ್‌ಫೋಲಿಯೊಗಳನ್ನು ಮೊದಲು ನೋಡಿ ಬೇಕು, ಬೇಡ ಎಂದು ಬೇರ್ಪಡಿಸುವುದು ಅವಳ ಕೆಲಸಗಳಲ್ಲೊಂದು. "ನಾ ಹೇಳೂದಕ್ಕಿಂತ ನೀನ ನೋಡು, ನಾ ಹೆಂಗ ಓದ್ತೀನಿ ಅಂತ" ಎಂದು ತನ್ನ ಸ್ಕ್ರೀನನ್ನು ನನಗೆ ಕಾಣುವಂತೆ ಮಾಡಿದಳು.

ನನ್ನ ಮೊದಲ ಪ್ರಾಜೆಕ್ಟು ಒಂದು ಹೂವಿನ ಅಂಗಡಿಯ ಆಪ್. ಅದರ ಮೇಲೆ ನಾಲ್ಕು ತಿಂಗಳು ಕೂತಿದ್ದೆ. ಅವಳ ಕರ್ಸರ್ ಪುಟದ ಮೇಲಿಂದ ಇಳಿಯತೊಡಗಿತು. ಸಮಸ್ಯೆಯ ವಿವರಣೆ, ಇಪ್ಪತ್ತೆಂಟು ವರ್ಷದ, ಸದಾ ಗಡಿಬಿಡಿಯಲ್ಲಿರುವ 'ಪ್ರಿಯಾ' ಎಂಬ ಕಾಲ್ಪನಿಕ ಬಳಕೆದಾರ್ತಿ, ಅವಳ ಮನಸ್ಸಿನ ನಕ್ಷೆ, ಹಳದಿ ಚೀಟಿಗಳ ಫೋಟೊ, ಪೆನ್ಸಿಲ್ಲಿನಲ್ಲಿ ಬರೆದ ಕರಡು ಪರದೆಗಳು, ಕೊನೆಗೆ ಗುಲಾಬಿ ಬಣ್ಣದ ಚಂದದ ಪರದೆಗಳು. ಕರ್ಸರ್ ಎಲ್ಲಿಯೂ ನಿಲ್ಲಲಿಲ್ಲ. ಒಂದೂವರೆ ನಿಮಿಷದಲ್ಲಿ ಪುಟ ಮುಗಿಯಿತು.

"ಇದನ್ನ ಈ ತಿಂಗಳ ಹನ್ನೊಂದು ಸರ್ತಿ ನೋಡೀನಿ," ಅಂದಳು. "ಒಬ್ಬಾಂವಂದು ಬೇಕರಿ ಇತ್ತು, ಒಬ್ಬಾಕಿದು ನಾಯಿ ಅಡ್ಡಾಡಸೂ ಆಪ್. ಪ್ರಿಯಾ ಮಾತ್ರ ಎಲ್ಲಾರ ಮನ್ಯಾಗೂ ಇರ್ತಾಳ."

ನಗು ಬಂತು. ಕಾಲ್ ಮುಗಿದ ಮೇಲೆ ಅಳುವೂ ಬಂತು.

ನಾನು ಧಾರವಾಡದಲ್ಲಿ ಭಾಷಾವಿಜ್ಞಾನದ ಎಂ.ಎ. ಮಾಡಿದವಳು. ಪುಣೆಗೆ ಬಂದು ಎಂಟು ವರ್ಷವಾಯಿತು. ಇಲ್ಲಿಂದಲೇ ಆಪ್‌ಗಳು, ವೆಬ್‌ಸೈಟುಗಳು, ಬಳಕೆಯ ಕೈಪಿಡಿಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುತ್ತೇನೆ. ಪದಕ್ಕೆ ಇಷ್ಟು ಎಂದು ಲೆಕ್ಕ. ಶುರುವಿನಲ್ಲಿ ಸಿಗುತ್ತಿದ್ದ ದರವೇ ಇವತ್ತೂ ಸಿಗುತ್ತಿದೆ, ಮನೆ ಬಾಡಿಗೆ ಮಾತ್ರ ಹಾಗೆ ನಿಂತಿಲ್ಲ. ಆಪಿನ ಮಾತುಗಳನ್ನು ಮೊದಲೇ ಸರಿಯಾಗಿ ಬರೆಯುವವರಿಗೆ, ಅಂದರೆ ಯುಎಕ್ಸ್ ರೈಟರ್, ಕಂಟೆಂಟ್ ಡಿಸೈನರ್ ಎಂದು ಕರೆಸಿಕೊಳ್ಳುವವರಿಗೆ, ತಿಂಗಳ ಸಂಬಳ ಇರುತ್ತದೆ ಎಂದು ತಿಳಿದಾಗ ನಾನೂ ಆ ಬಾಗಿಲು ತಟ್ಟೋಣ ಅನ್ನಿಸಿತು. ಮೊದಲು ಕಣ್ಣಿಗೆ ಬಿದ್ದದ್ದು ಸರ್ಟಿಫಿಕೇಟ್.

ಇಂಥ ಕೋರ್ಸುಗಳು ಬೇಕಾದಷ್ಟಿವೆ. ಎಲ್ಲರಿಗೂ ಗೊತ್ತಿರುವುದು ಗೂಗಲ್‌ನದು. 2021ರಿಂದ ಕೋರ್ಸೆರಾದಲ್ಲಿದೆ, ಪದವಿಯಾಗಲಿ ಅನುಭವವಾಗಲಿ ಕೇಳುವುದಿಲ್ಲ, ಪೋರ್ಟ್‌ಫೋಲಿಯೊಗೆಂದೇ ಮೂರು ಪ್ರಾಜೆಕ್ಟು ಮಾಡಿಸುತ್ತದೆ. ನಾನು ಯಾವುದನ್ನು ಮಾಡಿದೆ ಎನ್ನುವುದು ಇಲ್ಲಿ ಮುಖ್ಯವಲ್ಲ. ಇವುಗಳ ರಚನೆ ಹೆಚ್ಚೂಕಡಿಮೆ ಒಂದೇ: ಚಿಕ್ಕ ವಿಡಿಯೊ ಪಾಠಗಳು, ಫಿಗ್ಮಾದಂಥ ಸಾಧನದಲ್ಲಿ ಅಭ್ಯಾಸ, ಒಂದು ಕಾಲ್ಪನಿಕ ವ್ಯಾಪಾರದ ಸಮಸ್ಯೆ, ಅದಕ್ಕೊಂದು ಆಪ್. ನಮ್ಮ ಕೋರ್ಸಿನಲ್ಲಿ ಅಸೈನ್‌ಮೆಂಟುಗಳಿಗೆ ಅಂಕ ಕೊಡುತ್ತಿದ್ದವರು ನಮ್ಮಂಥ ವಿದ್ಯಾರ್ಥಿಗಳೇ. ಕೇಳಿದ ಭಾಗಗಳೆಲ್ಲ ಇವೆಯೇ ಎಂದು ನೋಡಿ ಅಂಕ. ಆ ಭಾಗಗಳಿಂದ ಏನು ಗೊತ್ತಾಯಿತು ಎಂದು ಯಾರೂ ಕೇಳುವುದಿಲ್ಲ. ಕೇಳಲು ಆಗುವುದೂ ಇಲ್ಲ, ಯಾಕೆಂದರೆ ಹೂವಿನ ಅಂಗಡಿ ಎಲ್ಲಿಯೂ ಇಲ್ಲ. ಇಲ್ಲದ ಅಂಗಡಿಯಲ್ಲಿ ನಾನು ತೆಗೆದುಕೊಂಡ ನಿರ್ಧಾರ ತಪ್ಪು ಎಂದು ತೋರಿಸಲು ಒಬ್ಬ ಗಿರಾಕಿಯೂ ಬರುವುದಿಲ್ಲ.

ಅಕ್ಕ ಹೇಳಿದ್ದು ಇದನ್ನೇ, ಅವಳ ರೀತಿಯಲ್ಲಿ. ಸರ್ಟಿಫಿಕೇಟ್ ನೋಡುವುದಿಲ್ಲವಾ ಎಂದು ಕೇಳಿದ್ದಕ್ಕೆ, "ಕಣ್ಣಿಗೆ ಬೀಳ್ತದ. ಆದ್ರ ಅದರಿಂದ ನಂಗ ಏನ್ ತಿಳೀತು? ಈಕಿ ಆರು ತಿಂಗಳ ಬಿಡದ ಕುಂತಾಳ ಅಂತ ತಿಳೀತು. ಅದೂ ಛಲೋನ. ಆದ್ರ ಮುಂದ ಪೋರ್ಟ್‌ಫೋಲಿಯೊ ತಗದಾಗ ಅದೂ ಕೋರ್ಸಿಂದ ಇದ್ರ, ಒಂದ ಸರ್ಟಿಫಿಕೇಟ್ ಎರಡು ಸರ್ತಿ ನೋಡಿಧಂಗಾತು" ಅಂದಳು. ಸರ್ಟಿಫಿಕೇಟ್ ದೊಡ್ಡದೋ ಪೋರ್ಟ್‌ಫೋಲಿಯೊ ದೊಡ್ಡದೋ ಎಂಬ ಚರ್ಚೆಯಲ್ಲಿ ನಾನು ಪೋರ್ಟ್‌ಫೋಲಿಯೊದ ಕಡೆಗಿದ್ದೇನೆ ಎಂದುಕೊಂಡಿದ್ದೆ. ನನ್ನ ಹತ್ತಿರ ಎರಡೂ ಇವೆ ಎಂಬ ಹೆಮ್ಮೆ ಬೇರೆ. ಇದ್ದದ್ದು ಒಂದೇ ಎಂದು ಆವತ್ತು ತಿಳಿಯಿತು.

ಹಾಗಾದರೆ ಅವಳ ಕರ್ಸರ್ ಎಲ್ಲಿ ನಿಲ್ಲುತ್ತದೆ? "ಏನರ ಒಂದು ತಪ್ಪಿತ್ತು, ಅದನ್ನ ಹಿಂಗ ಕಂಡ್ಹಿಡದ್ವಿ, ಇದನ್ನ ಮಾಡೂದು ಬಿಟ್ವಿ, ಅದನ್ನ ಮಾಡಿದ್ವಿ ಅಂತ ಇದ್ದಲ್ಲೆ ನಿಲ್ತೀನಿ. ಸ್ಕ್ರೀನ್ ಚಂದ ಇರ್ಲಿಲ್ಲಂದ್ರೂ ನಡೀತದ."

ನನ್ನ ಹತ್ತಿರ ಅಂಥದ್ದು ಏನೂ ಇಲ್ಲ ಎಂದುಕೊಂಡೇ ದೀಪಾವಳಿಗೆ ಊರಿಗೆ ಹೋದೆ.

ಧಾರವಾಡದಲ್ಲಿ ನಮ್ಮ ಕಾಕಾನದು ಕಿರಾಣಿ ಅಂಗಡಿ. ಪಾಡ್ಯದ ಮರುದಿನ ಅಂಗಡಿಯಲ್ಲಿ ಕೂತಿದ್ದಾಗ ಕಾಕಾ ಮೊಬೈಲ್ ನನ್ನ ಮುಂದೆ ಹಿಡಿದ. "ನೀ ಶಾಣ್ಯಾಕಿ, ಇದನ್ನಷ್ಟು ನೋಡವಾ. ಈ ಆಪ್‌ನ್ಯಾಗ ಎರಡೆರಡು ಬಾಕಿ ತೋರಸ್ತದ. ಹೋದ ವಾರ ಎರಡೂ ಕೂಡಿಸಿ ಮಾಲಿನ ಹುಡುಗನ ಕೈಯಾಗ ಕೊಟ್ಟೆ. ಅಂವಾ ಪುಣ್ಯಾತ್ಮ, ಇದು ಹೆಚ್ಚಾತ್ರಿ ಅಂತ ತಿರುಗಿ ಕೊಟ್ಟ."

ಅಂಗಡಿಗಳಿಗೆ ಸಾಮಾನು ಪೂರೈಸುವ ಒಂದು ಆಪ್ ಅದು. ಪರದೆಯ ಮೇಲೆ ಅಕ್ಕಪಕ್ಕ ಎರಡು ಚೌಕ. ಒಂದರಲ್ಲಿ 'ಬಾಕಿ ₹340', ಇನ್ನೊಂದರಲ್ಲಿ 'ಬಾಕಿ ಮೊತ್ತ ₹1,260'. ಮೊದಲನೆಯದು ರಿಯಾಯಿತಿಯಾಗಿ ಕಾಕಾನ ಖಾತೆಗೆ ಜಮಾ ಆಗಿದ್ದ ಹಣ, ಅವನದೇ. ಎರಡನೆಯದು ಉದ್ರಿ ತಂದ ಮಾಲಿಗೆ ಅವನು ಕೊಡಬೇಕಾದದ್ದು. ಕಾಕಾ ಕೊಟ್ಟಿದ್ದು ಎರಡರ ಮೊತ್ತ.

ನನ್ನ ಕೈ ತಣ್ಣಗಾಯಿತು. ಆ ಕನ್ನಡ ನನ್ನದು. ಎರಡು ವರ್ಷದ ಹಿಂದೆ ಒಂದು ಏಜೆನ್ಸಿಯ ಮೂಲಕ ನಾನೇ ಮಾಡಿಕೊಟ್ಟಿದ್ದ ಅನುವಾದ.

ಅನುವಾದಕ್ಕೆ ಬರುವ ಫೈಲ್ ಹೇಗಿರುತ್ತದೆ ಎಂದು ನೋಡದವರಿಗೆ ಇದು ಬರಿ ಬೇಜವಾಬ್ದಾರಿಯಂತೆ ಕಾಣಬಹುದು. ಪರದೆ ನಮಗೆ ಕಾಣುವುದಿಲ್ಲ. ಸಾವಿರಕ್ಕೂ ಹೆಚ್ಚು ಸಾಲುಗಳ ಪಟ್ಟಿ ಬರುತ್ತದೆ, ಅಕಾರಾದಿಯಲ್ಲಿ. ಅದರಲ್ಲಿ ಮೇಲೆಲ್ಲೋ ಒಂದು ಸಾಲು, ನೂರಾರು ಸಾಲು ಕೆಳಗೆ ಇನ್ನೊಂದು:

```xml
<string name="balance">Balance</string>
<string name="due">Due amount</string>
```

ಲೆಕ್ಕದಲ್ಲಿ ಉಳಿದದ್ದು ಎಂಬ ಅರ್ಥ ಹಿಡಿದು ಮೊದಲನೆಯದಕ್ಕೆ 'ಬಾಕಿ' ಹಾಕಿದ್ದೆ, ಎರಡು ದಿನದ ನಂತರ ಎರಡನೆಯದಕ್ಕೆ 'ಬಾಕಿ ಮೊತ್ತ'. ನಿಘಂಟಿನ ಪ್ರಕಾರ ಎರಡೂ ತಪ್ಪಲ್ಲ. ಬಾಕಿ ಎಂದರೆ ಉಳಿದದ್ದು. ಆದರೆ ಯಾರ ಬಳಿ ಉಳಿದದ್ದು, ಯಾರಿಗೆ ಸೇರಬೇಕಾಗಿ ಉಳಿದದ್ದು ಎನ್ನುವುದನ್ನು ಆ ಪದ ತಾನಾಗಿ ಹೇಳುವುದಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಮಾತ್ರ ಅದಕ್ಕೆ ಒಂದೇ ಅರ್ಥ, ಸಾಲ. ಅಂಗಡಿಕಾರನ ಮನೆಯಲ್ಲೇ ಬೆಳೆದ ನನಗೆ ಇದು ಹೊಳೆಯಬೇಕಿತ್ತು.

ಇಲ್ಲಿ ಸರ್ಟಿಫಿಕೇಟಿಗೆ ಸಲ್ಲಬೇಕಾದ್ದು ಸಲ್ಲಲಿ. ಆ ಕೋರ್ಸು ಮಾಡಿರದಿದ್ದರೆ ನಾನು ಪುಣೆಗೆ ಮರಳಿ, ಏಜೆನ್ಸಿಗೆ ಕ್ಷಮೆ ಕೇಳಿ, ಬೇರೆ ಪದ ಸೂಚಿಸಿ ಕೈತೊಳೆದುಕೊಳ್ಳುತ್ತಿದ್ದೆ. ಆ ಬೇರೆ ಪದವೂ ನನ್ನ ತಲೆಯಿಂದ ಬಂದದ್ದೇ ಆಗಿರುತ್ತಿತ್ತು. ಪರದೆಯನ್ನು ಕಾಗದದ ಮೇಲೆ ಬರೆದು ಜನರ ಮುಂದಿಟ್ಟು ಪರೀಕ್ಷಿಸಬಹುದು, 'ಅರ್ಥವಾಯಿತಾ' ಎಂದು ಕೇಳಬಾರದು, ಒಂದು ಕೆಲಸ ಕೊಟ್ಟು ಏನು ಮಾಡುತ್ತಾರೆ ನೋಡಬೇಕು ಎಂಬುದನ್ನು ಕಲಿಸಿದ್ದು ಆ ಕೋರ್ಸೇ. ಅರ್ಥವಾಯಿತಾ ಎಂದರೆ ನಮ್ಮ ಜನ ಮರ್ಯಾದೆಗಾದರೂ ಹೂಂ ಅನ್ನುತ್ತಾರೆ.

ಉಳಿದ ಎರಡು ದಿನದಲ್ಲಿ ಕಾಕಾನ ಪರಿಚಯದ ಆರು ಅಂಗಡಿಗಳಿಗೆ ಹೋದೆ. ಅದೇ ಅಳತೆಯ ಕಾಗದದ ಮೇಲೆ ಪರದೆ ಬರೆದುಕೊಂಡಿದ್ದೆ. ಕೇಳಿದ್ದು ಒಂದೇ ಪ್ರಶ್ನೆ: "ಮಾಲು ತಂದ ಹುಡುಗ ಮುಂದ ನಿಂತಾನ. ಅವನ ಕೈಯಾಗ ಎಷ್ಟು ಕೊಡ್ತೀರಿ?" ಇದ್ದಕ್ಕಿದ್ದ ಹಾಗೆ 'ಬಾಕಿ'ಯ ಪರದೆ ತೋರಿಸಿದಾಗ ಆರರಲ್ಲಿ ನಾಲ್ವರು ₹1,600 ಅಂದರು, ಕಾಕಾನ ಹಾಗೆಯೇ. ಒಬ್ಬರು "ಯಾವ ಬಾಕಿ?" ಎಂದು ನನ್ನನ್ನೇ ಕೇಳಿದರು. ಒಬ್ಬರು ಮಾತ್ರ ಸರಿಯಾಗಿ ₹1,260 ಅಂದರು. ಅವರು ಹಿಂದೊಮ್ಮೆ ಹೀಗೇ ಮೋಸಹೋಗಿ ಕಂಪನಿಯವರನ್ನು ಕೇಳಿ ತಿಳಿದುಕೊಂಡಿದ್ದರು.

ಬದಲಿಗೆ ಏನು ಹಾಕುವುದು? ನನ್ನ ಮನಸ್ಸಿನಲ್ಲಿ ಮೊದಲಿನಿಂದ ಇದ್ದದ್ದು 'ಶಿಲ್ಕು'. ಎಷ್ಟು ಚೊಕ್ಕ ಪದ! ಪಂಚಾಯತಿ, ಸೊಸೈಟಿಗಳ ಲೆಕ್ಕದಲ್ಲಿ ಆರಂಭ ಶಿಲ್ಕು ಎಂದು ಇವತ್ತಿಗೂ ಬರೆಯುತ್ತಾರೆ. ಕೈಯಲ್ಲಿರುವ ಹಣ ಎಂದೇ ಅರ್ಥ, ಮರಾಠಿಯ ಶಿಲ್ಲಕ್ ಪುಣೆಯಲ್ಲಿ ದಿನವೂ ಕಿವಿಗೆ ಬೀಳುತ್ತದೆ. ಭಾಷಾವಿಜ್ಞಾನ ಓದಿದವಳಿಗೆ ಇಂಥ ಪದ ಬಿಡಲು ಮನಸ್ಸಾಗುವುದಿಲ್ಲ. ಎರಡನೆಯ ಕಾಗದದಲ್ಲಿ ಅದನ್ನೇ ಬರೆದೆ, ಮೂರನೆಯದರಲ್ಲಿ ಬೇಕೋ ಬೇಡವೋ ಎಂಬಂತೆ 'ಬ್ಯಾಲೆನ್ಸ್'. ಅರವತ್ತರ ಹತ್ತಿರದ ಇಬ್ಬರು ಅಂಗಡಿಕಾರರು ಶಿಲ್ಕು ನೋಡಿ ಅರಳಿದರು. ಅಂಗಡಿ ನಡೆಸುವ ಮೂವರು ಹುಡುಗರಿಗೆ ಅದು ಏನೆಂದೇ ಗೊತ್ತಿರಲಿಲ್ಲ. ಒಬ್ಬ "ಇದು ಯಾವುದರ ಸ್ಕೀಮ್ ಏನ್ರಿ?" ಅಂದ. ಬ್ಯಾಲೆನ್ಸ್ ಆರೂ ಜನರಿಗೆ ಗೊತ್ತಿತ್ತು. ಮೊಬೈಲಿಗೆ ಕರೆನ್ಸಿ ಹಾಕಿಸಿದ ಕಾಲದಿಂದಲೂ ಅದು ಕನ್ನಡದ ಪದವೇ, ತನ್ನ ಹತ್ತಿರ ಇರುವ, ಖರ್ಚು ಮಾಡಬಹುದಾದ ಹಣ. ಶಿಲ್ಕು ಬಿಟ್ಟೆ. ಸುಲಭವಾಗಿ ಬಿಡಲಿಲ್ಲ.

ಇನ್ನೊಂದು ಚೌಕಕ್ಕೆ 'ಕಟ್ಟಬೇಕಾದ ಹಣ' ಎಂದಿಟ್ಟೆ. ಅರ್ಥದಲ್ಲಿ ತಕರಾರಿರಲಿಲ್ಲ, ಅಳತೆಯಲ್ಲಿತ್ತು. ಅಕ್ಕಪಕ್ಕದ ಚೌಕಗಳಲ್ಲಿ ಅಷ್ಟು ಉದ್ದದ ಮಾತು ಹಿಡಿಸದೆ ಎರಡು ಸಾಲಾಗಿ ಒಡೆಯಿತು. ಹಾಗಾಗಿ ಚೌಕಗಳನ್ನು ಒಂದರ ಕೆಳಗೊಂದು ಇಟ್ಟೆ, ಕಟ್ಟಬೇಕಾದ್ದು ಮೇಲೆ, ಬ್ಯಾಲೆನ್ಸ್ ಕೆಳಗೆ. ಆರು ತಿಂಗಳ ಕೋರ್ಸಿನಲ್ಲಿ ನಾನು ಮಾಡಿದ ಯಾವ ಡಿಸೈನ್ ನಿರ್ಧಾರಕ್ಕೂ ಇಷ್ಟು ಗಟ್ಟಿ ಕಾರಣ ಇರಲಿಲ್ಲ.

ಇದನ್ನು ಬರೆದು ಅಕ್ಕನಿಗೆ ಕಳಿಸಿದಾಗ ಅವಳು ಹೊಗಳಲಿಲ್ಲ, ಎರಡು ಪ್ರಶ್ನೆ ಕೇಳಿದಳು. ಮೂರೂ ಕಾಗದ ಅದೇ ಜನರಿಗೆ ತೋರಿಸಿದ್ದೀಯಲ್ಲ, ಮೊದಲನೆಯದರಲ್ಲೇ ಪ್ರಶ್ನೆಯ ಗುಟ್ಟು ಗೊತ್ತಾದ ಮೇಲೆ ಮೂರನೆಯದಕ್ಕೆ ಸರಿ ಉತ್ತರ ಬರುವುದು ದೊಡ್ಡದಾ? ಮತ್ತೆ, ಇದು ಧಾರವಾಡದ ಮಾತು, ಮೈಸೂರಿನಲ್ಲಿ? ಎರಡೂ ನ್ಯಾಯವೇ. ಮೈಸೂರಿನಲ್ಲಿರುವ ಒಬ್ಬ ಗೆಳತಿಯ ಮೂಲಕ ಇಬ್ಬರು ಅಂಗಡಿಯವರಿಗೆ ಹೊಸ ಪರದೆಯನ್ನು ಮಾತ್ರ ತೋರಿಸಿದೆ. ಇಬ್ಬರೂ ₹1,260 ಅಂದರು. ಒಬ್ಬರು, ಬ್ಯಾಲೆನ್ಸ್ ಕಳೆದು ₹920 ಕೊಟ್ಟರೆ ಆಗಲ್ವಾ ಎಂದೂ ಕೇಳಿದರು. ಎಂಟು ಜನರಿಂದ ಶೇಕಡಾ ಇಷ್ಟು ಎಂದು ಹೇಳಲಾಗುವುದಿಲ್ಲ. ಐದು ಜನರ ಪರೀಕ್ಷೆ ಸಾಕು ಎಂದು ಯಾಕೋಬ್ ನೀಲ್ಸನ್ 2000ದಲ್ಲಿ ಬರೆದದ್ದನ್ನು ಎಲ್ಲ ಕೋರ್ಸಿನವರೂ ಹೇಳುತ್ತಾರೆ, ಆದರೆ ಅದು ದೋಷ ಹುಡುಕಲು ಸಾಕು ಎಂಬ ಮಾತು, ಅಳೆಯಲು ಅಲ್ಲ. ಈ ಮಿತಿಯನ್ನೂ ಮೈಸೂರಿನ ಮಾತನ್ನೂ ಪುಟದಲ್ಲಿ ಹಾಗೆಯೇ ಬರೆದೆ.

ಇನ್ನೊಂದು ತೊಡಕಿತ್ತು. ಕರಾರಿನ ಪ್ರಕಾರ ಗಿರಾಕಿಯ ಹೆಸರು, ಪರದೆ ತೋರಿಸುವ ಹಾಗಿಲ್ಲ. ನಿಜವಾದ ಕೆಲಸ ಮಾಡಿದವರ ಪೋರ್ಟ್‌ಫೋಲಿಯೊ ಬಡವಾಗಿ ಕಾಣುವುದು, ಕೋರ್ಸಿನವರದು ತುಂಬಿ ತುಳುಕುವುದು ಬಹಳ ಸಲ ಇದೇ ಕಾರಣಕ್ಕೆ. ಹೆಸರು, ಬಣ್ಣ, ಲೋಗೊ ಏನೂ ಇಲ್ಲದೆ ಎರಡು ಚೌಕಗಳನ್ನಷ್ಟೇ ಹೊಸದಾಗಿ ಬರೆದು, ಹೀಗೆ ತೋರಿಸಬಹುದೇ ಎಂದು ಏಜೆನ್ಸಿಗೆ ಮೇಲ್ ಹಾಕಿದೆ, ತಪ್ಪನ್ನು ಒಪ್ಪಿಕೊಂಡ ಮೇಲ್‌ನಲ್ಲೇ. ಒಂಬತ್ತು ದಿನದ ಮೇಲೆ ಒಪ್ಪಿಗೆ ಬಂತು. ಹೂವಿನ ಅಂಗಡಿ ತೆಗೆದುಹಾಕಿದೆ. ಪೋರ್ಟ್‌ಫೋಲಿಯೊದಲ್ಲಿ ಉಳಿದದ್ದು ಒಂದೇ ಪ್ರಾಜೆಕ್ಟು, ಕಾಗದದ ಪರದೆಗಳ ಫೋಟೊ ಸಮೇತ.

ಈ ನಡುವೆ ಪ್ರಾಡಕ್ಟ್ ಮ್ಯಾನೇಜ್‌ಮೆಂಟಿನ ಕಡೆಗೂ ಕಣ್ಣು ಹೋಗಿತ್ತು, ಸಂಬಳ ನೋಡಿ ಎಂದು ಬೇರೆ ಹೇಳಬೇಕಿಲ್ಲ. ಇಲ್ಲೇ ಪುಣೆಯಲ್ಲಿ ಆ ಕೆಲಸದಲ್ಲಿರುವ ಸಹಪಾಠಿಯೊಬ್ಬ ನನ್ನನ್ನು ತಡೆದ. ಅಲ್ಲಿ ಹೆಚ್ಚು ಹೆಸರು ಕೇಳುವ ಸರ್ಟಿಫಿಕೇಟುಗಳು ಎರಡು. ಸ್ಕ್ರಮ್ ಅಲಯನ್ಸ್‌ನ ಸಿಎಸ್‌ಪಿಒಗೆ ಸಾಮಾನ್ಯವಾಗಿ ಎರಡು ದಿನದ ತರಗತಿ, ಪರೀಕ್ಷೆ ಇಲ್ಲ, ಎರಡು ವರ್ಷಕ್ಕೊಮ್ಮೆ ದುಡ್ಡು ಕಟ್ಟಿ ನವೀಕರಿಸಬೇಕು. ಸ್ಕ್ರಮ್ ಡಾಟ್ ಆರ್ಗ್‌ನ ಪಿಎಸ್‌ಪಿಒಗೆ ತರಗತಿ ಕಡ್ಡಾಯವಲ್ಲ, ಒಂದು ಗಂಟೆಯಲ್ಲಿ 80 ಪ್ರಶ್ನೆ, ಶೇಕಡಾ 85 ಬಂದರೆ ಪಾಸು. ಎರಡೂ ಸ್ಕ್ರಮ್ ಎಂಬ ಪದ್ಧತಿಯಲ್ಲಿ ಒಂದು ಪಾತ್ರದ ಕರ್ತವ್ಯ ಗೊತ್ತು ಎನ್ನುವುದಕ್ಕೆ ಸಾಕ್ಷಿ. ಯಾವುದನ್ನು ಕಟ್ಟಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕಕ್ಕೆ ಅಲ್ಲ. "ಆದ್ರ ಪೋರ್ಟ್‌ಫೋಲಿಯೊನೂ ಕೇಳಂಗಿಲ್ಲ ನಮ್ಮಲ್ಲಿ," ಅಂದ. ಪರದೆ ಬರೆದದ್ದು ಡಿಸೈನರ್, ಕೋಡ್ ಎಂಜಿನಿಯರಂದು, ಅಂಕಿಸಂಖ್ಯೆ ಕಂಪನಿಯ ಗುಟ್ಟು. ಅವನದು ಎಂದು ತೋರಿಸಲು ಉಳಿಯುವುದು ನಿರ್ಧಾರಗಳು ಮಾತ್ರ, ಅದನ್ನು ಸಂದರ್ಶನದಲ್ಲಿ ಬಾಯಿಬಿಡಿಸಿಯೇ ನೋಡುತ್ತಾರೆ. ನನ್ನ ಬಾಕಿಯ ಕತೆ ಕೇಳಿ ಅವನು ಕೇಳಿದ್ದು ಪದದ ಬಗ್ಗೆ ಅಲ್ಲ: "ಈ ಗೊಂದಲದಿಂದ ಸಹಾಯವಾಣಿಗೆ ಎಷ್ಟು ಕಾಲ್ ಬರ್ತಿದ್ವು? ಪದ ಬದಲಿ ಮಾಡಿದ ಮ್ಯಾಲ ಎಷ್ಟು ಕಡಿಮಿ ಆದ್ವು?" ನನಗೆ ಗೊತ್ತಿರಲಿಲ್ಲ, ಗೊತ್ತಾಗುವ ಜಾಗದಲ್ಲಿ ನಾನು ಇರಲೂ ಇಲ್ಲ. ಆ ಕೆಲಸ ನನಗೆ ಇನ್ನೂ ದೂರ ಎಂದು ಸರ್ಟಿಫಿಕೇಟಿನ ದುಡ್ಡು ಉಳಿಸಿದೆ.

ಜನವರಿಯಲ್ಲಿ ಎರಡು ಕಡೆಯಿಂದ ಕರೆ ಬಂತು. ಒಂದು, ಬೇರೆ ಕಂಪನಿಗಳಿಗೆ ಜನರನ್ನು ಒದಗಿಸಿ ಕೆಲಸ ಮಾಡಿಸುವ ದೊಡ್ಡ ಸೇವಾ ಸಂಸ್ಥೆ. ಆ ಕರೆ ಬಂದದ್ದು ಸರ್ಟಿಫಿಕೇಟಿನಿಂದಲೇ. ಅವರ ಅರ್ಜಿ ನಮೂನೆಯಲ್ಲಿ ಅದಕ್ಕೊಂದು ಕಡ್ಡಾಯದ ಕಾಲಂ ಇತ್ತು, ಖಾಲಿ ಬಿಟ್ಟವರ ಅರ್ಜಿ ಮುಂದಕ್ಕೇ ಹೋಗುತ್ತಿರಲಿಲ್ಲ. ಗಿರಾಕಿಗೆ ಕಳಿಸುವ ಪ್ರಸ್ತಾವದಲ್ಲಿ ಇಷ್ಟು ಜನ ಸರ್ಟಿಫಿಕೇಟ್ ಇರುವವರು ಎಂದು ತೋರಿಸಬೇಕಾಗುತ್ತದಂತೆ. ಮಾತನಾಡಿಸಿದವರು ನನ್ನ ಲಿಂಕ್ ತೆರೆದೇ ಇರಲಿಲ್ಲ. ಮೂರು ವರ್ಷದ ಅನುಭವ ಇಲ್ಲ ಎಂದು ಎರಡನೆಯ ಸುತ್ತಿನಲ್ಲಿ ಬಿಟ್ಟರು.

ಇನ್ನೊಂದು ಬೆಂಗಳೂರಿನ ಚಿಕ್ಕ ಕಂಪನಿ. ಅಲ್ಲಿ ಮೂವರು ಕೂತು ಮುಕ್ಕಾಲು ಗಂಟೆ ಆ ಎರಡು ಚೌಕಗಳ ಬಗ್ಗೆಯೇ ಕೇಳಿದರು. ಶಿಲ್ಕು ಯಾಕೆ ಬಿಟ್ಟಿರಿ? ಒಬ್ಬರು ಮಾತ್ರ ಸರಿ ಉತ್ತರ ಹೇಳಿದರಲ್ಲ, ಅವರನ್ನು ಯಾಕೆ ಲೆಕ್ಕದಿಂದ ತೆಗೆಯಲಿಲ್ಲ? ಇಂಥ ತಪ್ಪು ಮತ್ತೆ ಆಗದಿರಲು ಅನುವಾದದ ಫೈಲಿನಲ್ಲಿ ಏನು ಬದಲಿಸುತ್ತೀರಿ? ಕೊನೆಯದಕ್ಕೆ, ಪ್ರತಿ ಸಾಲಿನ ಜೊತೆ ಪರದೆಯ ಚಿತ್ರ, ಅದಾಗದಿದ್ದರೆ ಹಣ ಯಾರದು, ಯಾರಿಗೆ ಎಂಬ ಒಂದು ಸಾಲಿನ ಟಿಪ್ಪಣಿ ಬೇಕು ಅಂದೆ. ಆ ಉತ್ತರಕ್ಕೆ ಯಾವ ತಯಾರಿಯೂ ಬೇಕಾಗಲಿಲ್ಲ, ಎಂಟು ವರ್ಷದಿಂದ ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಆರು ತಿಂಗಳ ಕಾಂಟ್ರಾಕ್ಟ್ ಕೊಟ್ಟರು. ಸರ್ಟಿಫಿಕೇಟಿನ ಮಾತೇ ಬರಲಿಲ್ಲ. ಸೇರುವ ದಿನ ಎಚ್ಆರ್‌ನವರು ಮಾತ್ರ ಎಂ.ಎ. ಅಂಕಪಟ್ಟಿಯ ಜೊತೆ ಅದರ ಪಿಡಿಎಫ್ ಕೂಡ ಕೇಳಿದರು, ಫೈಲಿಗೆ.

ಕಾಕಾನ ಆಪ್ ಮಾರ್ಚಿನಲ್ಲಿ ಅಪ್‌ಡೇಟ್ ಆಯಿತು. ಚೌಕಗಳು ಈಗಲೂ ಅಕ್ಕಪಕ್ಕವೇ ಇವೆ, 'ಕಟ್ಟಬೇಕಾದ' ಒಂದು ಸಾಲು, 'ಹಣ' ಇನ್ನೊಂದು. ಆದರೆ 'ಬ್ಯಾಲೆನ್ಸ್' ಬಂದಿದೆ. ಮೊನ್ನೆ ಕಾಕಾ ಫೋನ್ ಮಾಡಿ, "ಪರದೆದಾಗ ಸರಿ ಆತವಾ, ಆದ್ರ ಮೆಸೇಜ್ ಬಂದಾಗ ಇನ್ನೂ ಬಾಕಿ ಅಂತನ ಬರ್ತದಲ್ಲ" ಅಂದ. ನೋಟಿಫಿಕೇಶನ್‌ನ ಮಾತುಗಳು ಬೇರೆ ಫೈಲಿನಲ್ಲಿರುತ್ತವೆ. ಏಜೆನ್ಸಿಗೆ ಇನ್ನೊಂದು ಮೇಲ್ ಹಾಕಿದ್ದೇನೆ.